ಮೂವತ್ತೆಂಟರಲ್ಲಿ ಎಂಟು

2023ರ ಅಕ್ಟೋಬರ್ 16, ಸೋಮವಾರ. ನವರಾತ್ರಿಯ ಎರಡನೆಯ ದಿನ. ಮುಂಬಯಿಯಲ್ಲಿ ನವರಾತ್ರಿಯ ಒಂಬತ್ತು ದಿನಕ್ಕೂ ಒಂದೊಂದು ಬಣ್ಣ ಇರುತ್ತದೆ. ಸೋಮವಾರ ಬಿಳಿ. ಡೊಂಬಿವಲಿಯಿಂದ ಹೊರಟ ಲೇಡೀಸ್ ಡಬ್ಬಿಯಲ್ಲಿ ಎಲ್ಲರೂ ಬಿಳಿ ಸೀರೆ, ಬಿಳಿ ಕುರ್ತಾ. ನಾನು ಒಬ್ಬಳು ನಸುಗಂದು ಬಣ್ಣದ್ದು ಹಾಕಿಕೊಂಡು ನಿಂತಿದ್ದೆ. ಅದು ಯಾವ ವಾರ ಎನ್ನುವುದೇ ನನಗೆ ನೆನಪಿರಲಿಲ್ಲ. ಆದರೆ ತಾರೀಖು ನೆನಪಿತ್ತು. ಹದಿನಾರು. ಅಂದರೆ ಇಪ್ಪತ್ತಕ್ಕೆ ಇನ್ನು ನಾಲ್ಕು ದಿನ.

ನಾನು ಕೆಲಸ ಮಾಡುವುದು ಫೋರ್ಟ್‌ನ ಒಂದು ಸಿಎ ಆಫೀಸಿನಲ್ಲಿ. ನಾನು ಸಿಎ ಅಲ್ಲ, ಎಂ.ಕಾಂ. ಓದಿದವಳು. ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬುವುದು, ಟಿಡಿಎಸ್ ಕಟ್ಟಿಸುವುದು, ಆಡಿಟ್ ಸಮಯಕ್ಕೆ ಕಾಗದಪತ್ರ ತಯಾರು ಮಾಡುವುದು ನನ್ನ ಕೆಲಸ. ಈ ಕೆಲಸದವರಿಗೆ ತಿಂಗಳು ಎಂದರೆ ವಾರಗಳಲ್ಲ, ತಾರೀಖುಗಳು. 7ಕ್ಕೆ ಟಿಡಿಎಸ್. 11ಕ್ಕೆ ಜಿಎಸ್‌ಟಿಆರ್-1, ಅಂದರೆ ವ್ಯಾಪಾರಿ ಕಳೆದ ತಿಂಗಳು ಯಾರಿಗೆ ಎಷ್ಟು ಮಾರಿದ ಎನ್ನುವ ಪಟ್ಟಿ. 14ಕ್ಕೆ ಪೋರ್ಟಲ್ ತಾನೇ ಜಿಎಸ್‌ಟಿಆರ್-2ಬಿ ಎನ್ನುವ ಪಟ್ಟಿ ತಯಾರಿಸುತ್ತದೆ. ವ್ಯಾಪಾರಿ ಯಾರಿಂದ ಎಷ್ಟು ಕೊಂಡ, ಆ ಖರೀದಿಯ ಮೇಲೆ ಎಷ್ಟು ತೆರಿಗೆ ಅವನಿಗೆ ಕ್ರೆಡಿಟ್ ಸಿಗುತ್ತದೆ ಎನ್ನುವುದು ಅದರಲ್ಲಿ ಬರುತ್ತದೆ. ಅದನ್ನು ಲೆಕ್ಕಪುಸ್ತಕಕ್ಕೆ ತಾಳೆ ನೋಡಿ 20ರ ಒಳಗೆ ಜಿಎಸ್‌ಟಿಆರ್-3ಬಿ ತುಂಬಿ ತೆರಿಗೆ ಕಟ್ಟಬೇಕು. ಇದರ ಮೇಲೆ, ಸೆಪ್ಟೆಂಬರ್ 30ಕ್ಕೆ ಆದಾಯ ತೆರಿಗೆಯ ಆಡಿಟ್ ವರದಿ.

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಫೋನ್ ಬಂತು. ಭಿವಂಡಿಯಲ್ಲಿ ರಟ್ಟಿನ ಪೆಟ್ಟಿಗೆ, ಪ್ಯಾಕಿಂಗ್ ಸಾಮಾನು ಸರಬರಾಜು ಮಾಡುವ ಒಬ್ಬರು. "ಮೇಡಂ, ನಮ್ಮ ಸೆಪ್ಟೆಂಬರ್ ಬಿಲ್ ಪಾರ್ಟಿಯ 2ಬಿಯಲ್ಲಿ ಕಾಣಿಸ್ತಾ ಇಲ್ಲವಂತೆ. ಅವರು ಪೇಮೆಂಟ್ ನಿಲ್ಲಿಸಿದ್ದಾರೆ." ನಾನು ಧೈರ್ಯವಾಗಿಯೇ, "ಇಲ್ಲ, ನಾವು 11ಕ್ಕೇ ಹಾಕಿದ್ದೇವೆ, ಅವರಿಗೆ ಸರಿಯಾಗಿ ನೋಡಲು ಹೇಳಿ" ಎಂದೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಅವರ ಹೆಸರಿನ ಮುಂದೆ ಹಸಿರು ಬಣ್ಣ ಇತ್ತು. ಹಸಿರು ಎಂದರೆ ಮುಗಿದದ್ದು. ಹಸಿರು ತುಂಬಿದವಳೂ ನಾನೇ.

ಆದರೂ ಪೋರ್ಟಲ್ ತೆರೆದೆ. ಸೆಪ್ಟೆಂಬರ್, ಜಿಎಸ್‌ಟಿಆರ್-1. ಪಕ್ಕದಲ್ಲಿ "Not Filed" ಎಂದಿತ್ತು.

ಏನಾಗಿತ್ತು ಎನ್ನುವುದು ಐದೇ ನಿಮಿಷದಲ್ಲಿ ಗೊತ್ತಾಯಿತು. 11ರ ರಾತ್ರಿ ಹನ್ನೊಂದು ಗಂಟೆಗೆ ಮನೆಯಿಂದ ಅವರ ಬಿಲ್ಲುಗಳನ್ನೆಲ್ಲ ಅಪ್‌ಲೋಡ್ ಮಾಡಿ, ಸಮರಿ ತಯಾರಿಸಿ, ಕೊನೆಯ ಮೆಟ್ಟಿಲಿಗೆ ಬಂದಿದ್ದೆ. ಕೊನೆಯ ಮೆಟ್ಟಿಲು ಎಂದರೆ ಒಟಿಪಿ. ಅದು ಹೋಗುವುದು ವ್ಯಾಪಾರಿಯ ಮೊಬೈಲಿಗೆ. ಅವರು ಎರಡು ಸಲ ಫೋನ್ ಎತ್ತಲಿಲ್ಲ, ಮಲಗಿದ್ದಿರಬೇಕು. ಮೂರನೆಯ ಸಲ ಮಾಡುವ ಮೊದಲು ಇನ್ನೊಬ್ಬ ವ್ಯಾಪಾರಿಯ ಒಟಿಪಿ ಬಂತು, ಅತ್ತ ಹೋದೆ. ಅಲ್ಲಿಂದ ಮತ್ತೊಬ್ಬರು. ಹನ್ನೆರಡು ಹೊಡೆಯುವ ಮೊದಲು ಶೀಟು ತೆರೆದು, ಆವತ್ತು ಮುಟ್ಟಿದ ಎಲ್ಲ ಹೆಸರುಗಳಿಗೂ ಒಂದೇ ಸಲಕ್ಕೆ ಹಸಿರು ತುಂಬಿ ಲ್ಯಾಪ್‌ಟಾಪ್ ಮುಚ್ಚಿದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಅದು ಮುಗಿದಿದೆ ಎಂದೇ ನನ್ನ ತಲೆಯಲ್ಲಿತ್ತು.

ಅವರ ಒಂದು ಬಿಲ್ಲು 6,40,000 ರೂಪಾಯಿಯದು. ಅದರ ಮೇಲೆ ಶೇ. 18 ಎಂದರೆ 1,15,200. ನಾವು 11ರೊಳಗೆ ಹಾಕದ ಕಾರಣ ಆ ಬಿಲ್ಲು ಕೊಂಡವರ ಪಟ್ಟಿಗೆ 14ಕ್ಕೆ ಬರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಅವರು ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ಅಷ್ಟು ತೆರಿಗೆಯನ್ನು ಅವರು ಈ ತಿಂಗಳು ಕೈಯಿಂದ ಕಟ್ಟಬೇಕು. ಹಾಗಾಗಿ ಅವರು ಅಷ್ಟು ಹಣ ಹಿಡಿದಿಟ್ಟುಕೊಂಡರು. ಇವತ್ತು ಹಾಕಿದರೂ ಅದು ಮುಂದಿನ ಪಟ್ಟಿಗೆ, ಅಂದರೆ ನವೆಂಬರ್ 14ಕ್ಕೆ ಬರುವುದು. ಐದು ಜನ ಕೆಲಸಗಾರರನ್ನು ಇಟ್ಟುಕೊಂಡ ಒಬ್ಬ ಮನುಷ್ಯನ 1,15,200 ರೂಪಾಯಿ ದೀಪಾವಳಿಯ ಮುಂಚಿನ ಒಂದು ತಿಂಗಳು ಸಿಕ್ಕಿಬಿದ್ದಿತು. ನನ್ನ ಹಸಿರು ಬಣ್ಣದಿಂದ.

ಒಟಿಪಿ ತರಿಸಿಕೊಂಡು ಅಲ್ಲೇ ರಿಟರ್ನ್ ಹಾಕಿದೆ. ಎಆರ್‌ಎನ್ ನಂಬರು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಕುಳಿತೆ.

*

ಈ ಮಾತನ್ನು ಆಗಸ್ಟಿನಲ್ಲೇ ನಾನು ಕೇಳಿದ್ದೆ ಎಂದು ನನಗೆ ಖಾತ್ರಿ ಇತ್ತು.

ಜೂನ್‌ನಲ್ಲಿ ನನ್ನ ಪಕ್ಕದ ಮೇಜಿನವಳು ಕೆಲಸ ಬಿಟ್ಟಳು. ಆಗ ನನ್ನ ಹತ್ತಿರ 26 ವ್ಯಾಪಾರಿಗಳ ಜಿಎಸ್‌ಟಿ ಇತ್ತು. ಅವಳ 12 ಜನರನ್ನು "ಹೊಸಬರು ಬರುವ ತನಕ" ಎಂದು ನನಗೆ ಕೊಟ್ಟರು. ಜುಲೈ ಹೋಯಿತು, ಹೊಸಬರು ಬರಲಿಲ್ಲ. ಆಗಸ್ಟಿನಲ್ಲಿ ಆಡಿಟ್ ಫೈಲುಗಳು ಶುರುವಾದವು. ಒಂದು ಸಂಜೆ ಚಹದ ಮೆಷಿನ್ ಹತ್ತಿರ ನಮ್ಮ ಮ್ಯಾನೇಜರ್ ಸಿಕ್ಕಿದರು. ನಾನು ನಗುತ್ತಾ, "ಸರ್, ಸ್ವಲ್ಪ ಜಾಸ್ತಿ ಆಗ್ತಾ ಉಂಟು" ಎಂದೆ. ಅವರೂ ನಕ್ಕು, "ಯಾರಿಗೆ ಕಡಿಮೆ ಉಂಟು ಹೇಳಿ? ಸೆಪ್ಟೆಂಬರ್ ಒಂದು ದಾಟ್ಲಿ" ಎಂದರು. ಅಷ್ಟೆ. ಕಪ್ಪು ಬುಟ್ಟಿಗೆ ಹಾಕಿ ಇಬ್ಬರೂ ಒಳಗೆ ಬಂದೆವು.

ನನ್ನ ಲೆಕ್ಕದಲ್ಲಿ ಅದು ಕೇಳಿದ್ದು, ಅವರು ಇಲ್ಲ ಎಂದದ್ದು. ಆ ಮೇಲಿನ ಎರಡು ತಿಂಗಳು ನಾನು ಆ "ಇಲ್ಲ"ವನ್ನು ಹೊತ್ತುಕೊಂಡೇ ಕೆಲಸ ಮಾಡಿದೆ. ಒಳಗೊಳಗೇ ಸಿಟ್ಟು. ಚೌತಿಗೆ ಊರಿಗೆ ಹೋಗಲಿಲ್ಲ. ಒಂದು ರಾತ್ರಿ ರೈಲಿನಲ್ಲಿ ನಿದ್ದೆ ಹೋಗಿ ಡೊಂಬಿವಲಿ ದಾಟಿ ಕಲ್ಯಾಣಕ್ಕೆ ಮುಟ್ಟಿದೆ. ಎಕ್ಸೆಲ್‌ನ ಒಂದೇ ಸಾಲನ್ನು ಮೂರು ಸಲ ಓದಿದರೂ ಅಂಕೆ ತಲೆಗೆ ಹೋಗುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎಚ್ಚರವಾಗಿ ಯಾರದೋ ಒಟಿಪಿ ಬಂತೇ ಎಂದು ಫೋನ್ ನೋಡುತ್ತಿದ್ದೆ. ಇದನ್ನೆಲ್ಲ ನಾನು ದಣಿವು ಎಂದುಕೊಳ್ಳಲಿಲ್ಲ. ನಾನು ಸಾಲದು ಎಂದುಕೊಂಡೆ.

ಹಾಗೆ ಅಂದುಕೊಳ್ಳುವುದಕ್ಕೆ ಒಂದು ಕಾರಣ ಇದೆ. ನಮ್ಮಪ್ಪ ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿಮೂರನೆಯ ವಯಸ್ಸಿಗೆ ಮಾಟುಂಗಾದ ಹೋಟೆಲಿಗೆ ಬಂದವರು. ಮೊದಲು ಟೇಬಲ್ ಒರೆಸುವ ಕೆಲಸ. ಬೆಳಿಗ್ಗೆ ಐದಕ್ಕೆ ಎದ್ದರೆ ಸಂಜೆ ಕನ್ನಡ ರಾತ್ರಿ ಶಾಲೆ, ಶಾಲೆ ಮುಗಿಸಿ ಬಂದು ಮತ್ತೆ ಪಾತ್ರೆ. ಮಲಗುವುದು ಅದೇ ಟೇಬಲ್‌ಗಳನ್ನು ಜೋಡಿಸಿಕೊಂಡು. ಈ ಕಾಗದ ಓದುವ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇಂಥ ಒಬ್ಬ ಅಪ್ಪನೋ ಮಾವನೋ ಇದ್ದಾರು. "ಕೆಲಸ ಹೆಚ್ಚಾಯ್ತ್ ಅಂದವ್ನಿಗೆ ನಾಳೆ ಕೆಲಸವೇ ಇರೂದಿಲ್ಲ" ಎನ್ನುವುದು ಅವರ ಮಾತು. ಎಸಿ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸವನ್ನು ಹೆಚ್ಚಾಯಿತು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ನಗುತ್ತಾ ಹೇಳಿದ್ದು ಅದಕ್ಕೇ.

*

ಆ ಸೋಮವಾರ ಊಟದ ಹೊತ್ತಿಗೆ ನಾನು ಒಂದು ಹಾಳೆ ತೆಗೆದುಕೊಂಡೆ. ಮೊದಲು ರಾಜೀನಾಮೆ ಬರೆಯಬೇಕೆಂದೇ ತೆಗೆದುಕೊಂಡದ್ದು. ಎರಡು ಸಾಲು ಬರೆದೆ. ಮೂರನೆಯ ಸಾಲಿಗೆ ಕಾರಣ ಬರೆಯಬೇಕಲ್ಲ, ಏನು ಬರೆಯುವುದು? ಕೆಲಸ ಜಾಸ್ತಿ ಎಂದರೆ ಎಷ್ಟು ಜಾಸ್ತಿ? ಅಲ್ಲಿಂದ ಲೆಕ್ಕ ಶುರುವಾಯಿತು. ಹಾಳೆ ತಿರುಗಿಸಿ ಹಿಂಭಾಗದಲ್ಲಿ ಬರೆದೆ.

ಒಬ್ಬ ವ್ಯಾಪಾರಿಯ 2ಬಿ ಡೌನ್‌ಲೋಡ್ ಮಾಡಿ, ಟ್ಯಾಲಿಯ ಖರೀದಿಗೆ ತಾಳೆ ನೋಡಿ, ಸಿಗದ ಬಿಲ್ಲುಗಳಿಗೆ ಫೋನ್ ಮಾಡಿಸಿ, 3ಬಿ ತುಂಬಿ, ಚಲನ್ ಕಳಿಸಿ, ಹಣ ಕಟ್ಟಿಸಿ, ಒಟಿಪಿ ತರಿಸಿ ಹಾಕುವುದಕ್ಕೆ ಎಷ್ಟು ಹೊತ್ತು? ಹಿಂದಿನ ತಿಂಗಳ ಮೇಲ್, ಫೋನ್ ಕರೆಗಳ ಸಮಯ ನೋಡಿ ಹತ್ತು ಜನರದ್ದು ಬರೆದೆ. ಕೆಲವರದು ನಲವತ್ತು ನಿಮಿಷ, ಕೆಲವರದು ಮೂರು ಗಂಟೆ. ಸರಾಸರಿ ಒಂದೂವರೆ ಗಂಟೆ.

ಈ ಕೆಲಸವನ್ನು 14ರ ಮೊದಲು ಮಾಡುವಂತಿಲ್ಲ, ಏಕೆಂದರೆ ಪಟ್ಟಿಯೇ ಬಂದಿರುವುದಿಲ್ಲ. 20ರ ನಂತರ ಮಾಡಿದರೆ ಲೇಟ್ ಫೀ, ಬಡ್ಡಿ. ಹಾಗಾದರೆ ಇರುವುದು 14ರಿಂದ 20. ಭಾನುವಾರ ಬಿಟ್ಟರೆ ಆರು ದಿನ. ದಿನಕ್ಕೆ ಎಂಟು ಗಂಟೆಯಂತೆ 48 ಗಂಟೆ.

26 ಜನಕ್ಕೆ ಬೇಕಾದದ್ದು 39 ಗಂಟೆ. 38 ಜನಕ್ಕೆ 57.

ನಾನು ಆ ಎರಡು ಅಂಕೆಗಳನ್ನು ಬಹಳ ಹೊತ್ತು ನೋಡಿದೆ. ಜೂನ್‌ಗೆ ಮೊದಲು ನನಗೆ ಒಂಬತ್ತು ಗಂಟೆ ಉಳಿಯುತ್ತಿತ್ತು. ಆ ಒಂಬತ್ತು ಗಂಟೆಯಲ್ಲಿ ಚಹ ಕುಡಿದಿದ್ದೇನೆ, ತಪ್ಪು ತಿದ್ದಿದ್ದೇನೆ, ಎಆರ್‌ಎನ್ ಬಂತೇ ಎಂದು ಎರಡನೆಯ ಸಲ ನೋಡಿದ್ದೇನೆ. ಈಗ ಒಂಬತ್ತು ಗಂಟೆ ಸಾಲುತ್ತಿಲ್ಲ. ಸಾಲದೇ ಇದ್ದದ್ದು ನಾನಲ್ಲ, ಗಂಟೆ. ನಾನು ಎಷ್ಟು ಚುರುಕಾದರೂ ಈ ಲೆಕ್ಕ ಕೂಡುವುದಿಲ್ಲ. ನಿದ್ದೆಯಿಂದ ತೆಗೆಯಬೇಕು, ಇಲ್ಲವೇ ಎರಡನೆಯ ಸಲ ನೋಡುವುದನ್ನು ಬಿಡಬೇಕು. ನಾನು ಎರಡನ್ನೂ ಮಾಡಿದ್ದೆ.

ನಾಲ್ಕು ಗಂಟೆಗೆ ಮ್ಯಾನೇಜರಿಗೆ ಹೇಳಿದೆ, "ಸರ್, ಹದಿನೈದು ನಿಮಿಷ ಬೇಕಿತ್ತು. ಕೋಣೆಯಲ್ಲಿ."

*

ಅವರು ಕಾರ್ಕಳದ ಕಡೆಯವರು, ಆದರೆ ಹುಟ್ಟಿ ಬೆಳೆದದ್ದು ಘಾಟ್ಕೋಪರ್‌ನಲ್ಲಿ. ಆಫೀಸಿನಲ್ಲಿ ಹಿಂದಿ, ಮೆಟ್ಟಿಲ ಮೇಲೆ ಕನ್ನಡ. ಕೋಣೆಯ ಬಾಗಿಲು ಹಾಕಿದ ಮೇಲೂ ಶುರುವಾದದ್ದು ಹಿಂದಿಯಲ್ಲೇ.

ಮೊದಲು ತಪ್ಪನ್ನು ಹೇಳಿದೆ. ಏನು, ಯಾವಾಗ, ಎಷ್ಟು ಹಣ, ಈಗ ಏನು ಮಾಡಿದ್ದೇನೆ. ಅವರು ಕಣ್ಣು ಮುಚ್ಚಿ ಕೇಳಿದರು. ಬೈಯಲಿಲ್ಲ. "ತಪ್ಪು ಯಾರಿಂದಲೂ ಆಗುತ್ತದೆ. ಇವತ್ತಿನಿಂದ ಶೀಟಿನಲ್ಲಿ ಬಣ್ಣ ಬೇಡ, ಎಆರ್‌ಎನ್ ನಂಬರ್ ಹಾಕಿ. ನಂಬರ್ ಇಲ್ಲದಿದ್ದರೆ ಫೈಲ್ ಆಗಿಲ್ಲ ಅಂತಲೇ ಲೆಕ್ಕ." ಒಳ್ಳೆಯ ಮಾತೇ. ಈಗಲೂ ನಾವು ಹಾಗೇ ಮಾಡುತ್ತೇವೆ. ಅವರು ಎದ್ದು ನಿಲ್ಲಲು ಹೊರಟರು. ಅವರ ಮಟ್ಟಿಗೆ ವಿಷಯ ಮುಗಿದಿತ್ತು.

"ಸರ್, ಇನ್ನೂ ಒಂದು ಉಂಟು" ಎಂದೆ, ಕನ್ನಡದಲ್ಲಿ. ಹಾಳೆಯನ್ನು ಅವರ ಕಡೆ ತಿರುಗಿಸಿದೆ. "ನನಗೆ ಕೆಲಸ ಕಡಿಮೆ ಮಾಡಿ ಕೊಡಬೇಕು."

ಅಷ್ಟು ನೇರವಾಗಿ ಬರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಅವರು ಕುಳಿತರು.

"ಎಂತ ಆಯ್ತು?"

"39, 57, 48. ಇದು ನೋಡಿ."

ಅವರು ನೋಡಿದರು. ಮೊದಲು ಒಂದೂವರೆ ಗಂಟೆಯನ್ನು ಒಪ್ಪಲಿಲ್ಲ. "ಇಷ್ಟು ಬೇಕಾಗುದಿಲ್ಲ." ನಾನು ಹತ್ತು ಜನರ ಪಟ್ಟಿ ತೋರಿಸಿದೆ. ಮೂರು ಗಂಟೆ ಹಿಡಿದವರ ಹೆಸರಿಗೆ ಅವರು ತಲೆಯಾಡಿಸಿದರು. ಆ ಮನುಷ್ಯ ಬಿಲ್ಲುಗಳನ್ನು ವಾಟ್ಸ್ಆ್ಯಪ್‌ನಲ್ಲಿ ಒಂದೊಂದೇ ಫೋಟೋ ತೆಗೆದು ಕಳಿಸುವವರು ಎನ್ನುವುದು ಅವರಿಗೂ ಗೊತ್ತು.

ಆಮೇಲೆ ಹೇಳಿದರು, "ಹಾಗಾದ್ರೆ ಆಚೆ ಮೇಜಿನವರಿಗೆ 40 ಉಂಟಲ್ಲ? ಅವರು ಏನೂ ಹೇಳುದಿಲ್ಲ."

ಈ ಮಾತು ಬರುತ್ತದೆ ಎಂದು ಗೊತ್ತಿತ್ತು. ನಲವತ್ತು ಹೌದು. ಆದರೆ ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು. ತಿಂಗಳ ತಲೆಬಿಸಿ ಇರುವುದು ಹದಿನೆಂಟು ಜನರದ್ದು. "ತಲೆ ಎಣಿಸಿದ್ರೆ ಅವರಿಗೆ ಎರಡು ಹೆಚ್ಚು ಸರ್. 14ರಿಂದ 20ರ ಒಳಗಿನ ಗಂಟೆ ಎಣಿಸಿದ್ರೆ ನನಗೆ ಎರಡು ಪಾಲು." ಅವರು ಏನೂ ಹೇಳಲಿಲ್ಲ. ನಮ್ಮ ಆಫೀಸಿನಲ್ಲಿ ಕೆಲಸ ಹಂಚುವುದು ತಲೆ ಎಣಿಸಿಯೇ. ಅದನ್ನು ಮಾಡಿದವರೂ ಅವರೇ.

"ಆರ್ಟಿಕಲ್ ಹುಡುಗರಲ್ಲಿ ಒಬ್ಬನನ್ನು ಕೊಡ್ತೇನೆ."

"ಅವರಿಗೆಲ್ಲ ನವೆಂಬರ್‌ನಲ್ಲಿ ಪರೀಕ್ಷೆ ಸರ್. ರಜೆಯಲ್ಲಿ ಇದ್ದಾರೆ. ಬಂದ ಮೇಲೂ ಅವರು ಮಾಡಿದ್ದನ್ನು ನಾನೇ ನೋಡಬೇಕು."

"ದೀಪಾವಳಿ ಒಂದು ಆಗ್ಲಿ, ಮಾಡುವ."

ಇಲ್ಲಿ ನನಗೆ ಆಗಸ್ಟ್ ನೆನಪಾಯಿತು. ಆಗ ಸೆಪ್ಟೆಂಬರ್ ದಾಟಬೇಕಿತ್ತು, ಈಗ ದೀಪಾವಳಿ. ಅದಾದ ಮೇಲೆ ಡಿಸೆಂಬರ್ 31ರ ವಾರ್ಷಿಕ ರಿಟರ್ನ್ ಬರುತ್ತದೆ, ಅದರ ಹಿಂದೆ ಮಾರ್ಚ್. ನಮ್ಮ ಕೆಲಸದಲ್ಲಿ ದಾಟಿದ ಮೇಲೆ ಖಾಲಿ ಇರುವ ತಿಂಗಳು ಎಂಬುದೇ ಇಲ್ಲ. "ಸರ್, ನಾನು ಆಗಸ್ಟ್‌ನಲ್ಲೇ ನಿಮ್ಮಲ್ಲಿ ಕೇಳಿದ್ದೆ. ಚಹದ ಹತ್ತಿರ."

ಅವರು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದರು. "ನೀವು ಕೇಳಿದ್ದಾ? ನನಗೆ ನೆನಪೇ ಇಲ್ಲ." ಸುಳ್ಳಲ್ಲ ಅದು, ಮುಖದಲ್ಲಿ ಗೊತ್ತಾಗುತ್ತಿತ್ತು. ಎರಡು ತಿಂಗಳು ನಾನು ಸಿಟ್ಟಿನಿಂದ ಹೊತ್ತುಕೊಂಡಿದ್ದ "ಇಲ್ಲ"ವನ್ನು ಅವರು ಹೇಳಿಯೇ ಇರಲಿಲ್ಲ. ಏಕೆಂದರೆ ನಾನು ಕೇಳಿರಲಿಲ್ಲ. ಜಾಸ್ತಿ ಆಗ್ತಾ ಉಂಟು ಎನ್ನುವುದು ಮುಂಬಯಿಯಲ್ಲಿ ಮಳೆ ಜಾಸ್ತಿ ಎಂದ ಹಾಗೆ. ಅದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದು ಹೇಳ್ತೇನೆ. ಹೊಸ ಜನ ಬರುದಿಲ್ಲ. ಆ 12 ಪಾರ್ಟಿಯಿಂದ ತಿಂಗಳಿಗೆ ತಲಾ ಎರಡೂವರೆ ಸಾವಿರ ಬರ್ತದೆ, ಒಟ್ಟು ಮೂವತ್ತು ಸಾವಿರ. ಅದಕ್ಕೆ ಒಬ್ಬರನ್ನು ಇಟ್ಟುಕೊಂಡ್ರೆ ಆಫೀಸಿಗೆ ಎಂತ ಉಳಿಯುದಿಲ್ಲ ಅಂತ ಪಾರ್ಟ್‌ನರ್ ಜುಲೈಯಲ್ಲೇ ಹೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಒಂದು ತರಹದ ನೆಮ್ಮದಿ ಆಯಿತು. ಮೂರು ತಿಂಗಳು ಬಾಗಿಲು ನೋಡುತ್ತಾ ಕಾದಿದ್ದ ಹೊಸಬರು ಬರುವುದಿಲ್ಲ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಇನ್ನು ಇರುವುದರಲ್ಲೇ ಮಾತಾಡಬಹುದು.

"ಹಾಗಾದ್ರೆ 12ನ್ನೂ ತೆಗೆಯಿರಿ ಅಂತ ನಾನು ಹೇಳುದಿಲ್ಲ" ಎಂದೆ. "48 ಗಂಟೆಗೆ 32 ಜನ. ಅದು ಉಸಿರು ತೆಗೆಯದೆ. 30 ಆದ್ರೆ ನಾನು ಎರಡನೇ ಸಲ ನೋಡಬಹುದು. 38ರಲ್ಲಿ 8 ಹೋಗಬೇಕು. ಯಾವ 8 ಅಂತ ನೀವೇ ಹೇಳಿ."

*

ಅವರು ಪೆನ್ ತೆಗೆದುಕೊಂಡದ್ದು ಆಗ. ಮಾತು ತಿರುಗಿದ್ದೂ ಆಗಲೇ. ಅದುವರೆಗೆ ನಾನು ಅವರಿಂದ ಏನೋ ಕಿತ್ತುಕೊಳ್ಳುತ್ತಿದ್ದೆ, ಅವರು ತಡೆಯುತ್ತಿದ್ದರು. ಈಗ ಅವರ ಮುಂದೆ ಒಂದು ಲೆಕ್ಕ ಇತ್ತು, ಲೆಕ್ಕ ಬಿಡಿಸುವುದು ಅವರಿಗೆ ಬರುತ್ತದೆ.

ಪಟ್ಟಿಯ ಮೇಲೆ ಪೆನ್ ಓಡಿಸುತ್ತಾ ಹೋಗಿ ನಾಲ್ಕು ಹೋಟೆಲುಗಳಿಗೆ ಸುತ್ತು ಹಾಕಿದರು. ಎಲ್ಲ ನಮ್ಮ ಕಡೆಯವರದೇ, ಉಡುಪಿ ಹೋಟೆಲುಗಳು. ಒಂದು ಕಿರಾಣಿ ಅಂಗಡಿಗೂ ಸುತ್ತು ಹಾಕಿದರು. "ಇವರೆಲ್ಲ ಇನ್ನೂ ತಿಂಗಳಿಗೊಮ್ಮೆ ಯಾಕೆ ಹಾಕ್ತಿದ್ದಾರೆ?"

ವರ್ಷದ ವಹಿವಾಟು 5 ಕೋಟಿ ರೂಪಾಯಿಯವರೆಗೆ ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬಹುದು. ಕ್ಯುಆರ್‌ಎಂಪಿ ಎನ್ನುತ್ತಾರೆ, 2021ರ ಜನವರಿಯಿಂದ ಇದೆ. ಮೂರರಲ್ಲಿ ಮೊದಲ ಎರಡು ತಿಂಗಳು ರಿಟರ್ನ್ ಇಲ್ಲ, ಮುಂದಿನ ತಿಂಗಳ 25ರೊಳಗೆ ಒಂದು ಚಲನ್ ಕಟ್ಟಿದರೆ ಸಾಕು. ಚಲನ್‌ನ ಮೊತ್ತವನ್ನು ಪೋರ್ಟಲೇ ತುಂಬಿಕೊಡುತ್ತದೆ. ಇದು ನನಗೂ ಗೊತ್ತಿದ್ದದ್ದೇ. ಆಚೆ ಮೇಜಿನ ಇಪ್ಪತ್ತು ಜನ ಅದರಲ್ಲೇ ಇದ್ದಾರೆ ಎಂದು ಹತ್ತು ನಿಮಿಷ ಮೊದಲು ನಾನೇ ಹೇಳಿದ್ದೆ. ಆದರೆ ನನ್ನ ಮೇಜಿಗೆ ಬಂದ 12 ಜನರಲ್ಲಿ ಯಾರು ಅದಕ್ಕೆ ಹೋಗಬಹುದು ಎಂದು ತಲೆ ಎತ್ತಿ ನೋಡುವಷ್ಟು ಪುರುಸೊತ್ತು ನನಗೆ ನಾಲ್ಕು ತಿಂಗಳಲ್ಲಿ ಸಿಕ್ಕಿರಲಿಲ್ಲ.

"ಭಿವಂಡಿಯವರನ್ನೂ ಹಾಕುವನಾ?" ಎಂದರು.

"ಬೇಡ ಸರ್. ಅವರು ಮಾರುವುದು ಕಂಪನಿಗಳಿಗೆ. ಕಂಪನಿಯವರಿಗೆ ತಿಂಗಳು ತಿಂಗಳು ಕ್ರೆಡಿಟ್ ಕಾಣಬೇಕು." ಮೂರು ತಿಂಗಳ ವ್ಯವಸ್ಥೆಯಲ್ಲೂ ತಿಂಗಳ ಬಿಲ್ಲುಗಳನ್ನು 13ರೊಳಗೆ ಬೇರೆಯಾಗಿ ಹಾಕಲು ದಾರಿ ಇದೆ. ಹಾಗೆ ಮಾಡಿದರೆ ಅರ್ಧ ಕೆಲಸ ಹಾಗೇ ಉಳಿಯುತ್ತದೆ. ಹೋಟೆಲಿನ ವಿಷಯ ಬೇರೆ. ಮಸಾಲೆ ದೋಸೆ ತಿಂದು ಹೋದವರು ಯಾರೂ ಕ್ರೆಡಿಟ್ ಕೇಳುವುದಿಲ್ಲ. ಹೋಟೆಲಿನವರೂ ಶೇ. 5 ತೆರಿಗೆ ಕಟ್ಟಿ ಖರೀದಿಯ ಕ್ರೆಡಿಟ್ ತೆಗೆದುಕೊಳ್ಳದ ಲೆಕ್ಕದಲ್ಲಿ ಇರುವವರು. ಅವರಿಗೆ ಮೂರು ತಿಂಗಳು ಸರಿಯಾಗಿ ಹೊಂದುತ್ತದೆ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರು ತಿಂಗಳಿಗೆ ಇದನ್ನು ಆಯ್ದುಕೊಳ್ಳಲು ಅಕ್ಟೋಬರ್ 31 ಕೊನೆಯ ದಿನ. ಹದಿನೈದು ದಿನ ಇತ್ತು. ದೀಪಾವಳಿ ಆಗಲಿ ಎಂದು ಬಿಟ್ಟಿದ್ದರೆ ಜನವರಿಯವರೆಗೆ ಹೋಗುತ್ತಿತ್ತು. ಅದನ್ನು ಇಬ್ಬರೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಾಯಿತು.

ಐದು ಆಯಿತು. ಉಳಿದ ಮೂರಕ್ಕೆ ಬಹಳ ಹೊತ್ತು ಹಿಡಿಯಿತು. ನಾನು ತೋರಿಸಿದ ಇಬ್ಬರನ್ನು ಅವರು ಬಿಡಲಿಲ್ಲ. ಒಬ್ಬರು ಪಾರ್ಟ್‌ನರ್‌ರ ನೆಂಟರು, ಇನ್ನೊಬ್ಬರು ನನ್ನ ಹೆಸರು ಹಿಡಿದೇ ಕೇಳುವವರು. ಕೊನೆಗೆ ಬೇರೆ ಮೂವರನ್ನು ಆಚೆ ಮೇಜಿಗೆ ಕೊಡುವುದು ಎಂದಾಯಿತು. ಅದಕ್ಕೆ ಬದಲು ಆ ಮೂವರ ಫೈಲುಗಳನ್ನು ನಾನು ಕುಳಿತು ವಿವರಿಸಿ ಕೊಡಬೇಕು, ನವೆಂಬರ್‌ನ ಒಂದು ಸುತ್ತು ಜೊತೆಗೆ ನಿಲ್ಲಬೇಕು. ಒಪ್ಪಿದೆ. ಆಡಿಟ್ ಫೈಲುಗಳಲ್ಲಿ ಒಂದನ್ನೂ ಕಡಿಮೆ ಮಾಡಲಿಲ್ಲ. ಈ ತಿಂಗಳ 20ಕ್ಕೆ ಏನೂ ಬದಲಾಗುವುದಿಲ್ಲ, 38 ಜನರದ್ದೂ ನಾನೇ ಹಾಕಬೇಕು. ಅದನ್ನೂ ಒಪ್ಪಿದೆ.

"ಇದನ್ನು ಮೇಲ್ ಮಾಡ್ತೇನೆ ಸರ್, ಹೆಸರು ತಾರೀಖು ಎಲ್ಲ ಹಾಕಿ. ನೀವು ಓಕೆ ಅಂತ ಕಳಿಸಿ."

"ನಂಬಿಕೆ ಇಲ್ವಾ?"

"ಆಗಸ್ಟ್‌ನದ್ದು ನಿಮಗೆ ನೆನಪಿರ್ಲಿಲ್ಲ ಅಲ್ವಾ ಸರ್?"

ಅವರು ನಕ್ಕರು. ಎದ್ದು ಹೋಗುವಾಗ ಹಾಳೆಯನ್ನು ತಿರುಗಿಸಿ ನೋಡಿದರು. ಮುಂಭಾಗದಲ್ಲಿ ರಾಜೀನಾಮೆಯ ಎರಡು ಸಾಲು ಹಾಗೇ ಇತ್ತು. ನಾನು ಮರೆತಿದ್ದೆ. ಓದಿದರು. ಮಡಚಿ ನನ್ನ ಕೈಗೆ ಕೊಟ್ಟು ಹೇಳಿದರು, "ನನ್ನ ಹತ್ರ ಯಾರೂ ಹಿಂದಿನ ಬದಿ ತರುದಿಲ್ಲ ಮಾರಾಯ್ರೆ. ಬರುವಾಗ ಮುಂದಿನ ಬದಿಯನ್ನೇ ತರ್ತಾರೆ. ಆ ಹುಡುಗಿಯೂ ಜೂನ್‌ನಲ್ಲಿ ಹಾಗೇ ಮಾಡಿದ್ದು."

*

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅಕ್ಟೋಬರ್ 20ರ ರಾತ್ರಿ ಹನ್ನೊಂದೂವರೆಯವರೆಗೂ ಕುಳಿತಿದ್ದೆ. ನವೆಂಬರ್ ಸ್ವಲ್ಪ ಸಡಿಲವಾಯಿತು, ಡಿಸೆಂಬರ್ ಚೆನ್ನಾಗಿತ್ತು, ಎರಡು ವಾರ ಒಂಬತ್ತೂವರೆಗೆಲ್ಲ ನಿದ್ದೆ ಹೋದೆ. ಆದರೆ ಮೂರು ತಿಂಗಳಿಗೊಮ್ಮೆ ಹಾಕುವವರದ್ದು ಮೂರು ತಿಂಗಳಿಗೊಮ್ಮೆ ಬಂದೇ ಬರುತ್ತದೆ. ಜನವರಿ 20ಕ್ಕೆ ಮೂವತ್ತು ಜನರದ್ದು ಮುಗಿಸಿದರೆ 22ಕ್ಕೆ ಆ ಐದು ಜನರದ್ದು ಕಾದಿತ್ತು. ಭಾರ ಕಡಿಮೆಯಾದದ್ದು ಹೌದು, ಜೊತೆಗೆ ಅದರಲ್ಲಿ ಸ್ವಲ್ಪ ಜಾಗ ಬದಲಾಯಿಸಿ ಕುಳಿತದ್ದೂ ಹೌದು. ಏಪ್ರಿಲ್‌ನಲ್ಲಿ ನಾವು ಮತ್ತೆ ಕೋಣೆಯಲ್ಲಿ ಕುಳಿತು ಇನ್ನೊಂದು ಸಲ ಲೆಕ್ಕ ಹಾಕಿದೆವು. ಆ ಸಲ ಹಾಳೆ ತಂದವರು ಅವರು.

ಭಿವಂಡಿಯವರ ಹಣ ನವೆಂಬರ್ ಕೊನೆಗೆ ಬಂತು. ಅವರು ನನಗೆ ಒಂದು ಮಾತೂ ಬೈಯಲಿಲ್ಲ. ಮಾರ್ಚ್ ಮುಗಿದ ಮೇಲೆ ಲೆಕ್ಕವನ್ನು ಬೇರೆ ಆಫೀಸಿಗೆ ಒಯ್ದರು. ಫೈಲುಗಳನ್ನು ಕಟ್ಟಿ ಕೊಟ್ಟವಳು ನಾನೇ.

ಆ ಸೋಮವಾರ ರಾತ್ರಿ ಅಪ್ಪನಿಗೆ ಫೋನ್ ಮಾಡಿದ್ದೆ. ಈಗ ಅವರು ಊರಲ್ಲಿದ್ದಾರೆ. ಎಲ್ಲ ಹೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದರು, "ಸಂಬಳ ಕಮ್ಮಿ ಮಾಡಿದ್ರಾ?"

"ಇಲ್ಲ ಅಪ್ಪ."

"ಅಷ್ಟೇ ಕೊಡ್ತ್ರಾ?"

"ಹೌದು."

"ಕೆಲಸ ಕಮ್ಮಿ, ಸಂಬಳ ಅಷ್ಟೇ." ಅದನ್ನು ಅವರು ಎರಡು ಸಲ ಹೇಳಿಕೊಂಡರು, ಯಾರೋ ಚಿಲ್ಲರೆ ಹೆಚ್ಚು ಕೊಟ್ಟಾಗ ಮತ್ತೊಮ್ಮೆ ಎಣಿಸುವ ಹಾಗೆ. "ಹಾಗೂ ಆತ್ತಾ?" ಎಂದರು. ಆಮೇಲೆ, "ಊಟ ಆಯ್ತಾ?" ಎಂದರು.

ಈಗ ನನ್ನ ಕೈಕೆಳಗೆ ಇಬ್ಬರಿದ್ದಾರೆ. ಹೋದ ತಿಂಗಳು 17ನೇ ತಾರೀಖು, ಚಹದ ಮೆಷಿನ್ ಹತ್ತಿರ, ಅವರಲ್ಲಿ ಚಿಕ್ಕವಳು ಕಪ್ಪು ಹಿಡಿದುಕೊಂಡು ನಗುತ್ತಾ, "ಮೇಡಂ, ಈ ಸಲ ಸ್ವಲ್ಪ ಜಾಸ್ತಿಯೇ ಆಯಿತು" ಎಂದಳು. ಯಾರಿಗೆ ಕಡಿಮೆ ಇದೆ ಎನ್ನುವ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ನನ್ನದೇ ಹನ್ನೊಂದು ಫೈಲು ಬಾಕಿ ಇತ್ತು.

"ಎಷ್ಟು ಜಾಸ್ತಿ?" ಎಂದೆ.

ಅವಳ ನಗು ನಿಂತಿತು. "ಗೊತ್ತಿಲ್ಲ ಮೇಡಂ" ಎಂದಳು.

"21ಕ್ಕೆ ಮಧ್ಯಾಹ್ನ ನಾಲ್ಕಕ್ಕೆ ಕೋಣೆಯಲ್ಲಿ ಕೂರೋಣ. ಒಂದು ಹಾಳೆ ತಗೊಂಡು ಬಾ."

ಮೇಜಿಗೆ ಬಂದು ಆ ತಾರೀಖನ್ನು ಬರೆದಿಟ್ಟುಕೊಂಡೆ. ಬರೆಯದಿದ್ದರೆ ನನಗೂ ಮರೆತುಹೋಗುತ್ತಿತ್ತು.